ನಾಳೆ ಟೆಸ್ಟ್, ಇವತ್ತು ಏರಿನ ಮಾತು

ಕೇಳುಗರೇ, ನಮಸ್ಕಾರ. ನಾನು ಬೆಂಗಳೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ನಾಳೆ ಬೆಳಿಗ್ಗೆ ನಮ್ಮ ಒಂದು ಬ್ಯಾಚ್‌ಗೆ ಕಾರಿನ ಟೆಸ್ಟ್ ಇದೆ. ಅವರನ್ನೆಲ್ಲ ಕೂರಿಸಿಕೊಂಡು ಹೇಳುವ ಮಾತನ್ನೇ ಇಲ್ಲೂ ಹೇಳುತ್ತೇನೆ. ಟೆಸ್ಟ್‌ಗೆ ಕಾಯುತ್ತಿರುವ ಬೇರೆಯವರೂ ಕೇಳಿಸಿಕೊಳ್ಳಲಿ.

ನೋಡಿ, ಎಂಟು ಹಾಕುವುದರ ಬಗ್ಗೆ ಇವತ್ತು ಏನೂ ಹೇಳುವುದಿಲ್ಲ. ಅದು ನಿಮಗೆ ಬಂದಿದೆ. ರಿವರ್ಸ್ ಕೂಡ ಆತುರ ಮಾಡದಿದ್ದರೆ ಆಗಿಹೋಗುತ್ತದೆ. ನಿಮಗೆಲ್ಲ ಕಾಲು ನಡುಗುವುದು ಆ ಏರಿನಲ್ಲಿ, ಅಲ್ವಾ? ಹಾಗಾಗಿ ಏರಿನ ವಿಷಯ ಮಾತ್ರ ಮಾತಾಡೋಣ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಟೆಸ್ಟ್‌ನ ವಿಷಯ ಬರುವುದು 15ನೇ ನಿಯಮದಲ್ಲಿ. ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು ಅಂತ ಅಲ್ಲಿದೆ. ಹ್ಯಾಂಡ್‌ಬ್ರೇಕ್ ಬಳಸಿಯೂ ಮಾಡಬಹುದು, ಕಾಲಿನ ಬ್ರೇಕ್ ಮತ್ತು ಆಕ್ಸಿಲರೇಟರ್‌ನಲ್ಲೂ ಮಾಡಬಹುದು. ಕಾಲಿನಲ್ಲಿ ಮಾಡುವುದು ಹಳೇ ಕೈಗಳಿಗೆ ಸರಿ. ನೀವು ನಾಳೆ ಹ್ಯಾಂಡ್‌ಬ್ರೇಕ್ ಬಿಟ್ಟು ಬೇರೆ ಯೋಚನೆಯನ್ನೇ ಮಾಡಬೇಡಿ.

ಹಿಂದಿನ ಒಂದು ಬ್ಯಾಚ್‌ನಲ್ಲಿ ಒಬ್ಬರು ಮೇಡಂ ಇದ್ದರು. ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತಿದ್ದರು. ಏರಿನಲ್ಲಿ ನಿಲ್ಲಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು, ಫಸ್ಟ್ ಗೇರ್ ಹಾಕಿದರು. ಎಲ್ಲ ಸರಿ. ಬೇಗ ಮುಗಿಸಿಬಿಡೋಣ ಅಂತ ಮೊದಲು ಹ್ಯಾಂಡ್‌ಬ್ರೇಕ್ ಇಳಿಸಿದರು, ಆಮೇಲೆ ಕ್ಲಚ್ ಬಿಡಲು ಹೊರಟರು. ಅಷ್ಟರಲ್ಲಿ ಗಾಡಿ ಹಿಂದೆ ಜಾರಿತು. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದರು. ಕ್ಲಚ್ ಪೂರ್ತಿ ಒಳಗಿತ್ತು, ಹಾಗಾಗಿ ಇಂಜಿನ್ ಕೂಗಿತೇ ಹೊರತು ಚಕ್ರಕ್ಕೆ ಏನೂ ತಲುಪಲಿಲ್ಲ. ಕೊನೆಗೆ ಕ್ಲಚ್ ಪಟ್ಟಂತ ಬಿಟ್ಟರು, ಗಾಡಿ ಆಫ್. ನೋಡುವವರಿಗೆ ಮೂರು ತಪ್ಪು ಅನ್ನಿಸುತ್ತದೆ. ನನ್ನ ಲೆಕ್ಕದಲ್ಲಿ ಒಂದೇ: ಕೈ ಕಾಲಿಗಿಂತ ಮುಂಚೆ ಹೋಯಿತು.

ಅವರಿಗೆ ಆಮೇಲೆ ಮಾಡಿಸಿದ್ದನ್ನೇ ಇವತ್ತು ಸಂಜೆ ನಿಮ್ಮೆಲ್ಲರಿಗೂ ಮಾಡಿಸುತ್ತೇನೆ. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದಿರಲಿ, ಅದನ್ನು ಮುಟ್ಟಲೇಬೇಡಿ. ಫಸ್ಟ್ ಗೇರ್ ಹಾಕಿ. ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗಿರಲಿ, ಆಗ ನಡುಕ ಅರ್ಧ ಕಡಿಮೆಯಾಗುತ್ತದೆ. ಈಗ ಕ್ಲಚ್ ಸ್ವಲ್ಪ ಸ್ವಲ್ಪವೇ ಬಿಡಿ. ಒಂದು ಹಂತದಲ್ಲಿ ಇಂಜಿನ್ ಸದ್ದು ದಪ್ಪಗಾಗುತ್ತದೆ. ಬಾನೆಟ್ ಒಂಚೂರು ಮೇಲೇಳುತ್ತದೆ. ಅದೇ ಹಾಫ್ ಕ್ಲಚ್. ಅಲ್ಲಿ ಕಾಲು ನಿಲ್ಲಿಸಿ, ಮತ್ತೆ ಕ್ಲಚ್ ಒತ್ತಿ. ಗಾಡಿ ಒಂದಿಂಚೂ ಕದಲಬಾರದು. ನಾಲ್ಕೈದು ಸಲ ಮಾಡಿದರೆ ಕಾಲಿಗೆ ಆ ಜಾಗ ಗೊತ್ತಾಗುತ್ತದೆ. ಜಾಸ್ತಿ ಹೊತ್ತು ಹಿಡಿದಿರಬೇಡಿ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ, ಖರ್ಚು ನನ್ನದು.

ನಾಳೆಯೂ ಇಷ್ಟೇ. ಬಾನೆಟ್ ಎದ್ದ ಮೇಲೆ ಬಲಗಾಲಿನಿಂದ ತುಸು ಆಕ್ಸಿಲರೇಟರ್ ಕೊಡಿ, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಗಾಡಿ ತಾನೇ ಮುಂದೆ ಹೊರಡುತ್ತದೆ. ಹೊರಟ ತಕ್ಷಣ ಕ್ಲಚ್ ಬಿಟ್ಟುಬಿಡಬೇಡಿ, ಗಾಡಿ ಎರಡು ಮಾರು ಹೋಗಲಿ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಹೊರಡದೆ ನಿಂತಿದ್ದರೆ ಒಳ್ಳೆಯದೇ, ಹಾಫ್ ಕ್ಲಚ್ ಹಿಡಿದಿದೆ ಅಂತ ಅರ್ಥ. ಇನ್ನೊಂಚೂರು ಆಕ್ಸಿಲರೇಟರ್ ಕೊಡಿ, ಸಾಕು. ಜಾರಿದ ಹಾಗೆ ಅನ್ನಿಸಿತೋ, ಕಾಲು ಬ್ರೇಕ್‌ಗೆ, ಕೈ ಹ್ಯಾಂಡ್‌ಬ್ರೇಕ್‌ಗೆ. ಆಕ್ಸಿಲರೇಟರ್ ಕಡೆ ಹೋಗಲೇಬೇಡಿ.

ಗಾಡಿ ಆಫ್ ಆದರೆ? ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಸ್ಟಾರ್ಟ್ ಮಾಡಿ. ಹಿಂದೆ ಯಾರೂ ಹಾರ್ನ್ ಹೊಡೆಯುವುದಿಲ್ಲ. ಹೆಬ್ಬಾಳ ಫ್ಲೈಓವರ್ ಏರಿನಲ್ಲಿ ಹಿಂದೆ ಬಸ್ಸು, ಪಕ್ಕದಲ್ಲಿ ಆಟೋ ಇಟ್ಟುಕೊಂಡು ಇದನ್ನೇ ಮಾಡಬೇಕಾಗುತ್ತದೆ. ಅದಕ್ಕೆ ಹೋಲಿಸಿದರೆ ಟ್ರ್ಯಾಕ್ ಸುಮ್ನೆ ಆಟ.

ನಾಳೆ ಆಗದೇ ಹೋದರೆ ಏಳು ದಿನ ಕಳೆದ ಮೇಲೆ ಮತ್ತೆ ಟೆಸ್ಟ್ ಕೊಡಬಹುದು. ಎಲ್ಎಲ್‌ಗೆ ಆರು ತಿಂಗಳು ಅವಧಿ ಇರುತ್ತದೆ, ನಿಮ್ಮದು ಯಾವಾಗ ಮುಗಿಯುತ್ತದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಬೆಳಿಗ್ಗೆ ಬರುವಾಗ ಅದನ್ನು ಮರೆಯಬೇಡಿ. ಹೊಸ ಶೂ, ಹೀಲ್ಸ್ ಯಾವುದೂ ಬೇಡ. ಇಷ್ಟು ದಿನ ಕ್ಲಾಸಿಗೆ ಹಾಕಿಕೊಂಡು ಬಂದದ್ದನ್ನೇ ಹಾಕಿಕೊಂಡು ಬನ್ನಿ. ಕಾಲಿಗೆ ಪೆಡಲ್ ಗೊತ್ತಿರುವುದು ಅದರಲ್ಲೇ.