ಅಜ್ಜಿಗೆ ನಿಜವಾಗಿ ಎಷ್ಟು ವರ್ಷ?

ಕೇಳುಗರೆ, ನಮಸ್ಕಾರ.

ನಮ್ಮ ಅಜ್ಜಿ ತೀರಿಕೊಂಡಿದ್ದು 2016ರಲ್ಲಿ. ನೂರಾ ಎರಡು ವರ್ಷ ಬಾಳಿದ ಜೀವ ಅಂತ ಊರೆಲ್ಲ ಹೇಳಿತು. ವೈಕುಂಠ ಸಮಾರಾಧನೆಯ ಪತ್ರಿಕೆಯಲ್ಲೂ ಹಾಗೇ ಅಚ್ಚಾಯಿತು. ಕೆಲವು ತಿಂಗಳಾದ ಮೇಲೆ ನಾನು ಒಂದು ಹಾಳೆ ಹಿಡಿದು ಲೆಕ್ಕಕ್ಕೆ ಕೂತೆ. ನೂರಾ ಎರಡು ನಿಜವಾದರೆ ಅಜ್ಜಿ ಹುಟ್ಟಿದ್ದು 1914ರಲ್ಲಿ. ಆದರೆ ನಮ್ಮ ಕೊನೆಯ ಅತ್ತೆ ಹುಟ್ಟಿದ್ದು 1968ರಲ್ಲಿ, ಅದಕ್ಕೆ ಆಸ್ಪತ್ರೆಯ ಚೀಟಿ ಇದೆ. ಅಂದರೆ ಅಜ್ಜಿ ಐವತ್ತನಾಲ್ಕನೇ ವಯಸ್ಸಿನಲ್ಲಿ ಹೆತ್ತಿರಬೇಕು. ಅದು ಆಗುವ ಮಾತಲ್ಲ. ಮೊದಲ ಮಗ, ನಮ್ಮ ದೊಡ್ಡಪ್ಪ, ಹುಟ್ಟಿದ್ದು 1946ರಲ್ಲಿ. ಆ ಕಾಲದ ಹೆಣ್ಣುಮಗಳಿಗೆ ಮೊದಲ ಮಗು ಹದಿನೆಂಟರ ಹೊತ್ತಿಗೆ ಅಂತ ಇಟ್ಟುಕೊಂಡರೆ, ಅಜ್ಜಿ ಹುಟ್ಟಿದ್ದು 1928ರ ಆಸುಪಾಸು. ಹೋದಾಗ ಎಂಬತ್ತೆಂಟು. ಕೊನೆಯ ಮಗು ನಲವತ್ತಕ್ಕೆ. ಈಗ ಲೆಕ್ಕ ಕೂಡಿಬರುತ್ತದೆ.

ಅಜ್ಜಿ ಸುಳ್ಳು ಹೇಳಿದವರಲ್ಲ. ಅವರ ಹುಟ್ಟನ್ನು ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ. ವಯಸ್ಸಾದಂತೆ ಜನ ಗೌರವದಿಂದ ನಾಲ್ಕು ವರ್ಷ ಸೇರಿಸಿ ಹೇಳುತ್ತಿದ್ದರು. ಮುಂದೆ ಅವರೂ ಅದನ್ನೇ ನಂಬಿದರು.

ನೂರು ದಾಟಿದವರ ಬಗ್ಗೆ ಸಂಶೋಧನೆ ಮಾಡುವವರಿಗೂ ಮೊದಲು ಎದುರಾಗುವುದು ಇದೇ ತೊಡಕು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ವಿಲ್ಕಬಾಂಬ ಅಂತ ಒಂದು ಬೆಟ್ಟದ ಊರಿದೆ. ಅಲ್ಲಿ ನೂರಿಪ್ಪತ್ತು, ನೂರಮೂವತ್ತು ವರ್ಷದವರಿದ್ದಾರೆ ಅಂತ 1970ರ ದಶಕದಲ್ಲಿ ದೊಡ್ಡ ಸುದ್ದಿಯಾಯಿತು. ಅಲ್ಲಿನ ನೀರಲ್ಲಿ ಏನೋ ಇದೆ, ಗಾಳಿಯಲ್ಲಿ ಏನೋ ಇದೆ ಅಂತ ಜನ ಹುಡುಕಿಕೊಂಡು ಹೋದರು. ಆಮೇಲೆ ಮೇಜಸ್ ಮತ್ತು ಫೋರ್ಮನ್ ಎಂಬ ಇಬ್ಬರು ಸಂಶೋಧಕರು ಚರ್ಚಿನ ದಾಖಲೆ ಪುಸ್ತಕಗಳನ್ನು ಹಿಡಿದು, ಒಂದೊಂದೇ ಮನೆಯ ವಂಶಾವಳಿ ಬಿಡಿಸಿದರು. ಒಬ್ಬ ಮುದುಕರು ಅರವತ್ತೊಂದಿದ್ದಾಗಲೇ ಎಪ್ಪತ್ತು ಅಂದಿದ್ದರು. ಐದು ವರ್ಷ ಕಳೆಯುವಷ್ಟರಲ್ಲಿ ಎಂಬತ್ತು ಅಂದರು. ಕೊನೆಗೆ ಅವರು ಹೇಳಿಕೊಂಡ ಹುಟ್ಟಿದ ವರ್ಷಕ್ಕೂ ಅವರ ತಾಯಿ ಹುಟ್ಟಿದ ವರ್ಷಕ್ಕೂ ತಾಳೆ ನೋಡಿದರೆ, ತಾಯಿ ಇನ್ನೂ ಹುಟ್ಟೇ ಇರಲಿಲ್ಲ! ನೂರು ದಾಟಿದವರು ಅಂತ ಹೆಸರಾಗಿದ್ದ ಇಪ್ಪತ್ಮೂರು ಜನರಲ್ಲಿ ಒಬ್ಬರಿಗೂ ನೂರಾಗಿರಲಿಲ್ಲ. ಅವರ ಸರಾಸರಿ ವಯಸ್ಸು ಎಂಬತ್ತಾರು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇತ್ತು. ಊರಲ್ಲಿ ಹೆಸರುಗಳು ಕೆಲವೇ. ತಾತನ ಹೆಸರು ಮೊಮ್ಮಗನಿಗೆ, ತೀರಿಕೊಂಡ ಮಗುವಿನ ಹೆಸರು ಮುಂದಿನ ಮಗುವಿಗೆ. ಯಾರದೋ ಹುಟ್ಟಿದ ದಿನ ಯಾರದೋ ಲೆಕ್ಕಕ್ಕೆ ಸೇರುತ್ತದೆ. ನಮ್ಮಲ್ಲೂ ಹೀಗೇ ಹೆಸರಿಡುತ್ತೇವೆ, ಅಲ್ವಾ?

ಅಂದಮೇಲೆ ದೀರ್ಘಾಯುಷ್ಯದ ನಾಡು ಅನ್ನುವುದೆಲ್ಲ ಬರೀ ಮಾತೇ? ಹಾಗಲ್ಲ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಹುಟ್ಟು, ಮದುವೆ, ಸಾವು ಎಲ್ಲವೂ ಹತ್ತೊಂಬತ್ತನೇ ಶತಮಾನದಿಂದಲೇ ಪುಸ್ತಕದಲ್ಲಿದೆ. ಪೂಲಾನ್ ಮತ್ತು ಪೆಸ್ ಎಂಬ ಸಂಶೋಧಕರು ಅದನ್ನೆಲ್ಲ ತಾಳೆ ಹಾಕಿ, ನೂರು ಮುಟ್ಟಿದವರು ಹೆಚ್ಚಿರುವ ಹಳ್ಳಿಗಳಿಗೆ ನಕ್ಷೆಯ ಮೇಲೆ ನೀಲಿ ಶಾಯಿಯಲ್ಲಿ ಗುರುತು ಹಾಕಿದರು. ‘ನೀಲಿ ವಲಯ’ ಅನ್ನುವ ಹೆಸರು ಬಂದಿದ್ದು ಹಾಗೆ.

ನನಗೆ ಜಾಸ್ತಿ ಹೇಳಬೇಕಿರುವುದು ಜಪಾನಿನ ಒಕಿನಾವಾ ಬಗ್ಗೆ. ಅಲ್ಲೂ ದಾಖಲೆಯ ತೊಡಕಿದೆ. 1945ರ ಯುದ್ಧದಲ್ಲಿ ಮನೆತನದ ದಾಖಲೆಗಳು ಬಹುಪಾಲು ಸುಟ್ಟುಹೋದವು, ಆಮೇಲೆ ಹೊಸದಾಗಿ ಬರೆಸಿದರು. ಹಾಗಾಗಿ ಅಲ್ಲಿನ ಶತಾಯುಷಿಗಳ ಎಣಿಕೆಯನ್ನು ಪ್ರಶ್ನೆ ಮಾಡುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಶತಾಯುಷಿಗಳನ್ನು ಪಕ್ಕಕ್ಕಿಟ್ಟು, ಇಡೀ ಒಕಿನಾವಾದ ಸರಾಸರಿ ಆಯಸ್ಸು ಎಷ್ಟು ಅಂತ ನೋಡಬಹುದು. ಎಲ್ಲ ವಯಸ್ಸಿನವರ ಸಾವಿನ ಲೆಕ್ಕದಿಂದ ಬರುವ ಆ ಅಂಕಿಯನ್ನು ನಾಲ್ಕು ಜನ ಮುದುಕರ ತಪ್ಪು ವಯಸ್ಸು ಅಷ್ಟಾಗಿ ಕೆಡಿಸುವುದಿಲ್ಲ. ಅದರಲ್ಲಿ ಒಕಿನಾವಾದ ಹೆಂಗಸರು ಬಹಳ ಕಾಲ ಜಪಾನಿಗೇ ಮೊದಲಿಗರು. ಗಂಡಸರೂ ಮೇಲಿನ ಸಾಲಿನಲ್ಲೇ ಇದ್ದರು. ಜಪಾನಿನ ಪ್ರಾಂತ್ಯಗಳ ಸರಾಸರಿ ಆಯಸ್ಸಿನ 2000ನೇ ಇಸವಿಯ ಪಟ್ಟಿ ಬಂದಾಗ ಆ ಗಂಡಸರು ಇಪ್ಪತ್ತಾರನೇ ಸ್ಥಾನಕ್ಕೆ ಜಾರಿದ್ದರು. ಜಪಾನಿನಲ್ಲಿ ಇದನ್ನು ‘26ರ ಆಘಾತ’ ಅಂತಲೇ ಕರೆದರು.

ಒಂದೇ ದ್ವೀಪ, ಅದೇ ಜನ. ಒಂದು ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ, ತಟ್ಟೆ ಬದಲಾಗುತ್ತದೆ. 1949ರಲ್ಲಿ ಅಲ್ಲಿನ ಒಬ್ಬ ಮನುಷ್ಯ ದಿನಕ್ಕೆ ತಿನ್ನುತ್ತಿದ್ದುದು ಸುಮಾರು 1,800 ಕ್ಯಾಲರಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ಬರೀ ಸಿಹಿಗೆಣಸಿನಿಂದ. ಜೊತೆಗೆ ಸ್ವಲ್ಪ ಅಕ್ಕಿ, ಸೋಯಾ, ಸೊಪ್ಪು ತರಕಾರಿ. ಮೀನು, ಮಾಂಸ ಅಪರೂಪ. ಅದು ಯಾರೋ ಹೇಳಿಕೊಟ್ಟ ಪಥ್ಯವಲ್ಲ, ಬಡತನದ ಊಟ. ಬಿರುಗಾಳಿಗೆ ಭತ್ತ ನಿಲ್ಲದ ನೆಲದಲ್ಲಿ ಗೆಣಸು ಕೈಬಿಡಲಿಲ್ಲ. 1945ರಿಂದ 1972ರವರೆಗೆ ಅಲ್ಲಿ ಅಮೆರಿಕದ ಆಡಳಿತ ಇತ್ತು. ಬರಬರುತ್ತ ಡಬ್ಬಿ ಮಾಂಸ, ಬರ್ಗರ್, ಕಾರು ಬಂದವು. ಅದನ್ನು ತಿಂದು ಬೆಳೆದ ಗಂಡಸರು ನಡುವಯಸ್ಸಿಗೆ ಬಂದಾಗ ಪಟ್ಟಿ ತಲೆಕೆಳಗಾಯಿತು.

ಇದರಿಂದ ಗೆಣಸು ತಿಂದರೆ ನೂರು ವರ್ಷ ಅಂತ ಹೇಳಲು ಬರುವುದಿಲ್ಲ. ಆ ಗಂಡಸರ ದುಡಿಮೆ, ನಡಿಗೆ, ಕುಡಿತ ಎಲ್ಲವೂ ಅದೇ ಹೊತ್ತಿಗೆ ಬದಲಾದವು. ಒಂದೊಂದನ್ನೇ ಬಿಡಿಸಿ ತೂಗುವುದು ಕಷ್ಟ. ಆದರೆ ಆ ನೆಲದಲ್ಲಿ ಆಯಸ್ಸು ಹುಟ್ಟಿನಿಂದಲೇ ಬಂದ ವರ ಆಗಿರಲಿಲ್ಲ ಅನ್ನುವುದಂತೂ ಗೊತ್ತಾಯಿತು.

ಒಕಿನಾವಾದಲ್ಲಿ ‘ಮೊಆಯಿ’ ಅಂತ ಒಂದಿದೆ. ಕೇಳಿದರೆ ನಿಮಗೆ ತಕ್ಷಣ ಅರ್ಥವಾಗುತ್ತದೆ, ಏಕೆಂದರೆ ಅದು ನಮ್ಮ ಚೀಟಿ. ಹತ್ತು ಜನ ತಿಂಗಳಿಗೊಮ್ಮೆ ಕೂಡುತ್ತಾರೆ, ದುಡ್ಡು ಹಾಕುತ್ತಾರೆ, ಸರದಿಯಲ್ಲಿ ಒಬ್ಬರು ಎತ್ತಿಕೊಳ್ಳುತ್ತಾರೆ, ಊಟ ಮಾಡಿ ಹರಟೆ ಹೊಡೆದು ಹೋಗುತ್ತಾರೆ. ಹೀಗೆ ಕೂಡಿ ಬಾಳುವುದು ಆಯಸ್ಸಿಗೆ ಒಳ್ಳೆಯದು ಅನ್ನುವುದಕ್ಕೆ ಆಧಾರ ಇದೆ. 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ಒಡನಾಟ ಗಟ್ಟಿಯಾಗಿದ್ದವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಸುಮಾರು ಅರ್ಧದಷ್ಟು ಜಾಸ್ತಿ ಇತ್ತು. ಆದರೆ ಇಲ್ಲೊಂದು ಎಚ್ಚರ ಬೇಕು. ಕಾಲು ಗಟ್ಟಿ ಇದ್ದವರಷ್ಟೇ ಚೀಟಿಗೆ ನಡೆದು ಬರುತ್ತಾರೆ. ಕೂಡಿದ್ದರಿಂದ ಆರೋಗ್ಯವೋ, ಆರೋಗ್ಯ ಇದ್ದುದರಿಂದ ಕೂಡಿದ್ದೋ? ಒಳ್ಳೆಯ ಅಧ್ಯಯನಗಳು ಮೊದಲ ದಿನದ ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಆದರೂ ಅನುಮಾನ ಪೂರ್ತಿ ಹೋಗುವುದಿಲ್ಲ.

ಇನ್ನು ವಂಶವಾಹಿ, ಅಂದರೆ ಜೀನು. ಡೆನ್ಮಾರ್ಕಿನ ಅವಳಿ ಮಕ್ಕಳ ಹಳೆಯ ಅಧ್ಯಯನ ಹೇಳಿದ್ದು ಇಷ್ಟು: ಒಬ್ಬರು ಎಪ್ಪತ್ತಕ್ಕೆ ಹೋಗುವುದು, ಇನ್ನೊಬ್ಬರು ತೊಂಬತ್ತಕ್ಕೆ ಹೋಗುವುದು, ಈ ವ್ಯತ್ಯಾಸದಲ್ಲಿ ಕಾಲು ಪಾಲು ಮಾತ್ರ ಜೀನಿನದು. ಆದರೆ ನೂರರ ಮೆಟ್ಟಿಲು ಬೇರೆ. ಅಮೆರಿಕದ ನ್ಯೂ ಇಂಗ್ಲೆಂಡ್ ಶತಾಯುಷಿಗಳ ಅಧ್ಯಯನದಲ್ಲಿ, ನೂರು ಮುಟ್ಟಿದವರ ಅಣ್ಣತಮ್ಮಂದಿರು ತಾವೂ ನೂರು ಮುಟ್ಟುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಹದಿನೇಳು ಪಟ್ಟು ಜಾಸ್ತಿ ಕಂಡಿತು. ಅಕ್ಕತಂಗಿಯರಿಗೆ ಎಂಟು ಪಟ್ಟು. ಒಂದೇ ಮನೆಯಲ್ಲಿ ಬೆಳೆದವರು ಊಟವನ್ನೂ ಹಂಚಿಕೊಂಡಿರುತ್ತಾರೆ, ನಿಜ. ಆದರೂ ಎಂಬತ್ತರವರೆಗೆ ಬಾಳುವೆಯ ರೀತಿ ಹೆಚ್ಚು ಕೆಲಸ ಮಾಡುತ್ತದೆ, ಅಲ್ಲಿಂದಾಚೆ ಹುಟ್ಟಿನಿಂದ ಬಂದದ್ದರ ಕೈ ಮೇಲಾಗುತ್ತದೆ ಅಂತ ನನಗೂ ಅನ್ನಿಸುತ್ತದೆ.

ನಮ್ಮ ಅಜ್ಜಿಯ ತಂಗಿ ಇನ್ನೂ ಇದ್ದಾರೆ. ಗಟ್ಟಿಯಾಗಿದ್ದಾರೆ, ಮುದ್ದೆ ತಾವೇ ಕಟ್ಟುತ್ತಾರೆ. ಅವರ ರೇಷನ್ ಕಾರ್ಡಿನಲ್ಲಿರುವ ವಯಸ್ಸು ಯಾರೋ ಅಂದಾಜಿಗೆ ಬರೆದದ್ದು. ಹೋದ ತಿಂಗಳು ಹೋಗಿ ಪಕ್ಕದಲ್ಲಿ ಕೂತು, “ಚಿಕ್ಕಜ್ಜಿ, ನೀವು ಹುಟ್ಟಿದ್ದು ಯಾವಾಗ?” ಅಂತ ಕೇಳಿದೆ. “ಅದ್ಯಾರಿಗೆ ಗೊತ್ತಪ್ಪ? ಅಕ್ಕನ ಧಾರೆ ಎರೀವಾಗ ನಾನು ಅಮ್ಮನ ಸೊಂಟದ ಮೇಲಿದ್ದೆನಂತೆ” ಅಂದರು. ಆ ಮದುವೆ ಆಗಿದ್ದು ದೊಡ್ಡಪ್ಪ ಹುಟ್ಟುವ ಎರಡು ವರ್ಷ ಮೊದಲು. ನಾನು ಮತ್ತೆ ಹಾಳೆ ತೆಗೆದು, 1944 ಅಂತ ಬರೆದುಕೊಂಡೆ.

ನಮಸ್ಕಾರ.