ಗಾಲಿಯ ಕೆಳಗೆ ಹಳಿ ಎಷ್ಟು ತಗ್ಗುತ್ತದೆ?

ಮುಂಬೈಯ ಕನ್ನಡ ಕೇಳುಗರಿಗೆ ನಮಸ್ಕಾರ.

ದಾದರ್‌ನಲ್ಲೋ ಕುರ್ಲಾದಲ್ಲೋ ಲೋಕಲ್ ಹಾಯುವಾಗ, ದೂರ ನಿಂತು ಅದರ ಹಳಿಯನ್ನು ಗಮನಿಸಿ. ಗಾಲಿ ಬಂದಾಗ ಹಳಿಯೂ ಅದರ ಕೆಳಗಿನ ಅಡ್ಡ ತೊಲೆಗಳಾದ ಸ್ಲೀಪರ್‌ಗಳೂ ಸ್ವಲ್ಪ ತಗ್ಗುತ್ತವೆ, ಗಾಲಿ ಹೋದ ಮೇಲೆ ಏಳುತ್ತವೆ. ಅದು ದೋಷ ಅಲ್ಲ. ಹಳಿ ಕೂತಿರುವುದು ಜಲ್ಲಿಯ ಮೇಲೆ ಅಲ್ವಾ? ಒತ್ತಿದರೆ ತಗ್ಗಲೇಬೇಕು. ಎಷ್ಟು ತಗ್ಗಬೇಕು ಅನ್ನುವುದೇ ಪ್ರಶ್ನೆ.

1867ರಲ್ಲಿ ವಿಂಕ್ಲರ್ ಎಂಬ ಎಂಜಿನಿಯರ್ ಇದಕ್ಕೆ ಒಂದು ಸರಳ ದಾರಿ ತೋರಿಸಿದರು. ಅಡಿಪಾಯ ಎಷ್ಟು ತಗ್ಗುತ್ತದೋ, ಅದಕ್ಕೆ ತಕ್ಕಂತೆ ತಿರುಗಿ ಮೇಲಕ್ಕೆ ಒತ್ತುತ್ತದೆ ಎಂದು ಹಿಡಿಯಿರಿ ಅಂದರು. ಒಂದು ಮೀಟರ್ ಉದ್ದದ ಹಳಿಯನ್ನು ಒಂದು ಮಿಲಿಮೀಟರ್ ತಗ್ಗಿಸಲು ಎಷ್ಟು ಭಾರ ಬೇಕೋ, ಅದೇ ಅಡಿಪಾಯದ ಬಿಗಿತ. ಇದರಲ್ಲಿ ಜಲ್ಲಿ, ಸ್ಲೀಪರ್, ಕೆಳಗಿನ ಮಣ್ಣು ಎಲ್ಲ ಸೇರಿರುತ್ತವೆ.

ಒಂದು ಲೆಕ್ಕ ಮಾಡೋಣ. ಬಿಗಿತ 3 ಟನ್ ಇರಲಿ, ಗಾಲಿಯ ಭಾರ 10 ಟನ್. ಹಳಿ ಮೀಟರಿಗೆ 60 ಕಿಲೋ ತೂಗುವ ಜಾತಿಯದು. ಆಗ ಗಾಲಿಯ ಕೆಳಗೆ ಹಳಿ ಸುಮಾರು 1.7 ಮಿಲಿಮೀಟರ್ ತಗ್ಗುತ್ತದೆ. ಸ್ಲೀಪರ್‌ಗಳು 60 ಸೆಂಟಿಮೀಟರಿಗೊಂದರಂತೆ ಇದ್ದರೆ, ಗಾಲಿಯ ನೇರ ಕೆಳಗಿನ ಸ್ಲೀಪರ್ ಹೊರುವುದು ಮೂರು ಟನ್ ಚಿಲ್ಲರೆ ಮಾತ್ರ. ಉಳಿದದ್ದನ್ನು ಹಳಿ ಅಕ್ಕಪಕ್ಕಕ್ಕೆ ಹಂಚುತ್ತದೆ.

ಈಗ ಜಲ್ಲಿ ಕೆಟ್ಟು ಬಿಗಿತ ಅರ್ಧಕ್ಕೆ ಇಳಿಯಿತು ಅನ್ನಿ. ತಗ್ಗು ದುಪ್ಪಟ್ಟಾಗುವುದಿಲ್ಲ, 2.9 ಮಿಲಿಮೀಟರ್ ಆಗುತ್ತದೆ. ಹಳಿ ಇನ್ನೂ ದೂರದ ಸ್ಲೀಪರ್‌ಗಳನ್ನು ಕೆಲಸಕ್ಕೆ ಎಳೆದುಕೊಳ್ಳುವುದೇ ಕಾರಣ. ಹಳಿ ಬಾಗುವ ಒತ್ತಡ ಮಾತ್ರ ಶೇಕಡಾ 19ರಷ್ಟು ಜಾಸ್ತಿಯಾಗುತ್ತದೆ.

ಹಾಗಾದರೆ ಇನ್ನೂ ಗಟ್ಟಿ ಹಳಿ ಹಾಕಿಬಿಡೋಣ ಅನ್ನಬಹುದು. ಬಾಗದಿರುವ ಶಕ್ತಿ ಎರಡು ಪಟ್ಟು ಇರುವ ಹಳಿ ಹಾಕಿದರೂ 2.9 ಇಳಿಯುವುದು 2.4ರ ಹತ್ತಿರಕ್ಕೆ ಮಾತ್ರ. ಆದ್ದರಿಂದ ದುಡ್ಡು ಮೊದಲು ಜಲ್ಲಿಗೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಹಳಿಯ ಉದ್ದಕ್ಕೂ ಆಸರೆ ಒಂದೇ ಸಮ ಇದೆ, ಎಲ್ಲೂ ಸಂದಿ ಇಲ್ಲ ಎಂದು ಅದು ಹಿಡಿದಿದೆ. ಮುಂಬೈ ಮಳೆಯಲ್ಲಿ ಹಾಗಿರುವುದಿಲ್ಲ. ಕಲ್ಲು ಸವೆದ ಪುಡಿ, ಮಣ್ಣು ಜಲ್ಲಿಯ ಸಂದಿ ತುಂಬುತ್ತವೆ, ನೀರು ಇಳಿಯುವುದಿಲ್ಲ. ಗಾಲಿ ಒತ್ತಿದಾಗಲೆಲ್ಲ ಕೆಸರು ಚಿಮ್ಮಿ, ಒಂದೆರಡು ಸ್ಲೀಪರ್‌ಗಳ ಕೆಳಗೆ ಪೊಳ್ಳು ಬೀಳುತ್ತದೆ. ಆಗ ಹಳಿ ಮೊದಲು ಆ ಸಂದಿಯಷ್ಟು ಸುಮ್ನೆ ಇಳಿದು, ಆಮೇಲೆ ಸ್ಲೀಪರ್ ಜಲ್ಲಿಗೆ ಬಡಿಯುತ್ತದೆ. ಪಕ್ಕದ ಸ್ಲೀಪರ್‌ಗಳಿಗೂ ಹೊರೆ ಜಾಸ್ತಿ.

ರೈಲು ಇಲ್ಲದಾಗ ಮಟ್ಟ ನೋಡಿದರೆ ಇದು ಸಿಗುವುದಿಲ್ಲ. ಹಳಿ ಗಟ್ಟಿಯಾದ್ದರಿಂದ ಸ್ಲೀಪರನ್ನು ಎತ್ತಿ ಹಿಡಿದು, ಎಲ್ಲ ಸಮವಾಗಿದೆ ಎಂದೇ ತೋರಿಸುತ್ತದೆ. ಗಾಲಿ ಮೇಲಿರುವಾಗಲೇ ಅಳೆಯಬೇಕು. ಸ್ಲೀಪರ್ ತುದಿಯ ಕಲ್ಲುಗಳ ಮೇಲೆ ಒಣಗಿದ ಬಿಳಿಚು ಕೆಸರು ಕಂಡರೂ ಗುರುತು ಸಿಕ್ಕಿತು. ಅಲ್ಲಿ ಜಲ್ಲಿಯನ್ನು ಬರೀ ಮತ್ತೆ ಕುಟ್ಟಿ ಬಿಗಿ ಮಾಡಿದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಜಲ್ಲಿ ತೆಗೆದು, ಜರಡಿ ಹಿಡಿದು, ನೀರು ಹೊರಗೆ ಹೋಗಲು ದಾರಿ ಮಾಡಿ, ಆಮೇಲೆ ಕುಟ್ಟಬೇಕು.