ಕಾರು ಗುದ್ದಿದ್ದು ಗೆಳೆಯ, ಕ್ಲೇಮ್ ನನ್ನ ಹೆಸರಲ್ಲಿ

ನಮಸ್ಕಾರ ಎಲ್ಲರಿಗೂ. ಕಾಣಿಸ್ತಿದೆ ಅಲ್ವಾ? ನನ್ನ ಕಾರಿನ ಎಡಗಡೆ ಬಂಪರ್ ಸೀಳಿದೆ, ಹೆಡ್‌ಲೈಟ್ ಪುಡಿ, ಫೆಂಡರ್ ಒಳಗೆ ಹೋಗಿದೆ. ಗೆಳೆಯ ತುಮಕೂರಿಗೆ ಅಂತ ತೆಗೆದುಕೊಂಡು ಹೋಗಿದ್ದ, ವಾಪಸ್ ಬರುವಾಗ ರಾತ್ರಿ ಡಿವೈಡರ್‌ಗೆ ಗುದ್ದಿದ. ಯಾರಿಗೂ ಏನೂ ಆಗಿಲ್ಲ, ಅದೇ ದೊಡ್ಡ ಸಮಾಧಾನ.

ಎಲ್ಲರೂ ಮೊದಲು ಕೇಳಿದ್ದು ಒಂದೇ: ಓಡಿಸಿದವನು ನೀನಲ್ಲ, ಇನ್ಶೂರೆನ್ಸ್ ಕೊಡ್ತಾರಾ? ಕೊಡುತ್ತಾರೆ. ಪಾಲಿಸಿ ಇರುವುದು ಗಾಡಿಗೆ. ಅದರಲ್ಲಿ ಡ್ರೈವರ್ಸ್ ಕ್ಲಾಜ್ ಅಂತ ಒಂದು ಷರತ್ತು ಇದೆ, ಓದಿ. ಮಾಲೀಕರ ಒಪ್ಪಿಗೆಯಿಂದ ಯಾರೇ ಓಡಿಸಿದರೂ ಸರಿ, ಅಪಘಾತದ ಹೊತ್ತಿಗೆ ಅವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಕುಡಿದಿರಬಾರದು. ಬಾಡಿಗೆಗೆ ಕೊಟ್ಟಿರಬಾರದು.

ಆಮೇಲೆ ಒಬ್ಬರು ಸಲಹೆ ಕೊಟ್ಟರು, "ಸುಮ್ನೆ ನೀವೇ ಓಡಿಸ್ತಿದ್ರಿ ಅಂತ ಬರೆದುಬಿಡಿ". ಬೇಡವೇ ಬೇಡ. ಫಾರ್ಮ್‌ನಲ್ಲಿ ಡ್ರೈವರ್ ಹೆಸರು, ಲೈಸೆನ್ಸ್ ನಂಬರ್ ಕೇಳುತ್ತಾರೆ. ಗೆಳೆಯ ಓಡಿಸಿದ್ದಕ್ಕೆ ಕ್ಲೇಮ್ ಸಿಗುತ್ತದೆ. ಸುಳ್ಳು ಬರೆದರೆ ಅದೂ ಹೋಗುತ್ತದೆ.

ಈ ಶಾಟ್ ರಿಪೇರಿ ಎಸ್ಟಿಮೇಟ್‌ದು. ಇಲ್ಲೇ ನನಗೆ ಕಿರಿಕಿರಿ ಆಗಿದ್ದು. ಒಟ್ಟು 40,000. ಬಂಪರ್ 9,000, ಹೆಡ್‌ಲೈಟ್ 11,000, ಫೆಂಡರ್ 4,000, ಪೇಂಟ್ 12,000, ಲೇಬರ್ 4,000. ಇನ್ಶೂರೆನ್ಸ್ ಇದೆಯಲ್ಲ, ಪೂರ್ತಿ ಬರುತ್ತೆ ಅಂತ ಗೆಳೆಯ ಆರಾಮಾಗಿದ್ದ. ಬರಲ್ಲ. ಕಾರಿಗೆ ನಾಲ್ಕು ವರ್ಷ ದಾಟಿದೆ, ಸವಕಳಿ ಅಂತ ಬಿಡಿಭಾಗದ ಬೆಲೆ ಕಡಿಯದ ಝೀರೋ ಡೆಪ್ ಕವರ್ ಇಲ್ಲ. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆ ಕಡಿತ. ಬಂಪರ್, ಹೆಡ್‌ಲೈಟ್ ಎರಡೂ ಆ ಲೆಕ್ಕಕ್ಕೇ ಹೋದವು, ಅಲ್ಲೇ 10,000 ಹೋಯಿತು. ಈ ವಯಸ್ಸಿನ ಗಾಡಿಯ ಲೋಹದ ಭಾಗಕ್ಕೆ 35 ಪರ್ಸೆಂಟ್, ಅಂದರೆ ಫೆಂಡರ್‌ಗೆ 1,400. ಪೇಂಟ್ ಬಿಲ್‌ನಲ್ಲಿ ಕಾಲು ಭಾಗವನ್ನು ಸಾಮಗ್ರಿ ಅಂತ ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ, ಅದು 1,500. ಲೇಬರ್‌ಗೆ ಕಡಿತ ಇಲ್ಲ. ಕೊನೆಗೆ ಕಡ್ಡಾಯ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮ್‌ನಲ್ಲೂ ನಾವೇ ಕೊಡಬೇಕಾದ ಪಾಲು, 1,000, 1500 ಸಿಸಿ ಒಳಗಿನ ಕಾರಿಗೆ ಅಷ್ಟು. ಎಲ್ಲ ಸೇರಿ 13,900 ನಮ್ಮ ಕೈಯಿಂದ, ಕಂಪನಿಯಿಂದ 26,100.

ಇಷ್ಟಕ್ಕೇ ಮುಗಿದಿಲ್ಲ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಡಿಸ್ಕೌಂಟ್, ಅಂದರೆ ನೋ ಕ್ಲೇಮ್ ಬೋನಸ್ ನನ್ನದು, ಗೆಳೆಯ ಗುದ್ದಿದರೂ ಹೋಗುವುದು ನನ್ನದೇ. ಈಗ 45 ಪರ್ಸೆಂಟ್ ಇದೆ, ಕ್ಲೇಮ್ ಮಾಡದಿದ್ದರೆ ಮುಂದಿನ ಸಲ 50. ಮಾಡಿದರೆ ಸೊನ್ನೆ. ಆಮೇಲೆ 20, 25, 35, 45 ಅಂತ ಮತ್ತೆ ಮೊದಲಿಂದ ಹತ್ತಬೇಕು. ನಮ್ಮ ಗಾಡಿಯ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ ಡಿಸ್ಕೌಂಟ್ ಇಲ್ಲದೆ 10,000 ಅಂತ ಇಟ್ಟುಕೊಳ್ಳಿ. ಮೊದಲ ವರ್ಷ 5,000 ಜಾಸ್ತಿ, ಆಮೇಲೆ 3,000, 2,500, 1,500, 500. ಒಟ್ಟು 12,500. ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಮ್ಮಿ ಆಗಬಹುದು.

ಬೆಳಿಗ್ಗೆ ನಾನು ಕ್ಲೇಮೇ ಬೇಡ ಅಂತಿದ್ದೆ. ಈಗ ಮನಸ್ಸು ಬದಲಾಯಿಸಿದ್ದೇನೆ. ಕ್ಲೇಮ್ ಮಾಡಿದರೆ ಖರ್ಚು ಸುಮಾರು 26,400, ಮಾಡದಿದ್ದರೆ 40,000. ಬಿಲ್ 15,000 ಇದ್ದಿದ್ದರೆ ಖಂಡಿತ ಬೇಡ ಅಂತಿದ್ದೆ. ಗೆಳೆಯ ಕೊಡಬೇಕಾದ್ದು ಬರೀ 13,900 ಅಲ್ಲ, ಬೋನಸ್ ನಷ್ಟವೂ ಸೇರಬೇಕು. ಅವನಿಗೆ ಹಾಗೇ ಹೇಳಿದೆ, ಒಪ್ಪಿದ.

ಹಾನಿ ಲೆಕ್ಕ ಹಾಕುವ ಇನ್ಶೂರೆನ್ಸ್ ಸರ್ವೇಯರ್ ಬಂದು ಫೋಟೋ ತೆಗೀತಿದ್ದಾರೆ. ಅವರು ನೋಡುವ ಮೊದಲು ಏನೂ ಬಿಚ್ಚಿಸಬೇಡಿ.

ಅವರು ಮುಗಿಸುವಷ್ಟರಲ್ಲಿ ಇನ್ನೊಂದು. ಯಾರಿಗಾದರೂ ಗುದ್ದಿದ್ದರೆ? ಕೇಸ್ ಬೀಳುವುದು ಓಡಿಸಿದವನ ಮೇಲೆ. ಆದರೆ ಪರಿಹಾರಕ್ಕೆ ಟ್ರಿಬ್ಯೂನಲ್‌ನಲ್ಲಿ ಮಾಲೀಕನನ್ನೂ ಕರೆಯುತ್ತಾರೆ, ಥರ್ಡ್ ಪಾರ್ಟಿ ಪಾಲಿಸಿ ಅದನ್ನು ಕಟ್ಟುತ್ತದೆ. ಲೈಸೆನ್ಸ್ ಇಲ್ಲದವನಿಗೆ ಗೊತ್ತಿದ್ದೂ ಗಾಡಿ ಕೊಟ್ಟಿದ್ದರೆ, ಕಂಪನಿ ಗಾಯಾಳುವಿಗೆ ಹಣ ಕೊಟ್ಟರೂ ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. ಅದಕ್ಕೇ ಕೀ ಕೊಡುವ ಮೊದಲು ಲೈಸೆನ್ಸ್ ನೋಡಬೇಕು, ಅದರ ಅವಧಿಯನ್ನೂ.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇದು. ಓಡಿಸುತ್ತಿದ್ದ ಗೆಳೆಯನಿಗೇ ಏನಾದರೂ ಆಗಿದ್ದರೆ? 15 ಲಕ್ಷದ ಕಡ್ಡಾಯ ಪರ್ಸನಲ್ ಆಕ್ಸಿಡೆಂಟ್ ಕವರ್ ಮಾಲೀಕನಿಗೆ ಮಾತ್ರ. ನಮ್ಮ ಇಳಕಲ್ ಕಡೆಯದೇ ಒಂದು ಕೇಸ್ ಇದೆ. ಬೇರೆಯವರ ಬೈಕ್ ತೆಗೆದುಕೊಂಡು ಗುಡೂರಿಗೆ ಹೊರಟವರು ಎತ್ತಿನಗಾಡಿಗೆ ಗುದ್ದಿ ತೀರಿಕೊಂಡರು. ಗಾಡಿ ಕೇಳಿ ಪಡೆದವನು ಮಾಲೀಕನ ಜಾಗದಲ್ಲೇ ನಿಂತಂತೆ, ಹಾಗಾಗಿ ತಪ್ಪು ಯಾರದು ಅಂತ ಸಾಬೀತು ಮಾಡದೆ ಪರಿಹಾರ ಕೇಳಬಹುದಾಗಿದ್ದ, ಮೋಟಾರು ವಾಹನ ಕಾಯ್ದೆಯ ಆಗಿನ 163-ಎ ಕಲಮಿನಡಿ ಪರಿಹಾರ ಕೇಳಲು ಆಗದು ಅಂತ 2009 ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗೆಳೆಯರಿಗೆ ಗಾಡಿ ಕೊಡುವವರಾದರೆ, ಅವರಿಗೆ ಸ್ವಂತ ಆಕ್ಸಿಡೆಂಟ್ ಪಾಲಿಸಿ ಇದೆಯಾ ಅಂತ ಕೇಳಿ. ಅದು ಬಂಪರ್‌ಗಿಂತ ದೊಡ್ಡ ವಿಷಯ.

ಸರ್ವೇಯರ್ ಕರೀತಿದ್ದಾರೆ, ಗೆಳೆಯನ ಲೈಸೆನ್ಸ್ ಒರಿಜಿನಲ್ ಬೇಕಂತೆ. ಹೋಗಿ ಕೊಟ್ಟು ಬರ್ತೀನಿ.